ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಕೊಡುವಂತೆ ಕಾನೂನು ನೋಟಿಸ್

ರಿಜಿಸ್ಟರ್ಡ್ ಪೋಸ್ಟ್, ಸ್ವೀಕೃತಿ ಚೀಟಿ ಸಹಿತ
(ಇದರ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿದೆ)

ಬೆಂಗಳೂರು
ದಿನಾಂಕ: 9 ಜೂನ್ 2025

ಇವರಿಂದ:
ಶ್ರೀಮತಿ ಸವಿತಾ,
ಮನೆ ನಂ. 88, ಮೊದಲ ಮಹಡಿ, 5ನೇ ಅಡ್ಡರಸ್ತೆ,
ಕೆಂಗೇರಿ ಉಪನಗರ, ಬೆಂಗಳೂರು 560060

ಇವರಿಗೆ:
ಶ್ರೀ ರಾಮಕೃಷ್ಣಯ್ಯನವರು,
ಮನೆ ನಂ. 214, ನೆಲಮಹಡಿ, 9ನೇ ಅಡ್ಡರಸ್ತೆ,
ನಾಗರಬಾವಿ 2ನೇ ಹಂತ, ಬೆಂಗಳೂರು 560072

ವಿಷಯ: ಮನೆ ನಂ. 214, 2ನೇ ಮಹಡಿಯ ಬಾಡಿಗೆ ಕರಾರಿನ ಪ್ರಕಾರ ನನಗೆ ಬರಬೇಕಾದ ಅಡ್ವಾನ್ಸ್ ಬಾಕಿ ₹1,41,100 ಕೊಡುವ ಬಗ್ಗೆ.

ಮಾನ್ಯ ರಾಮಕೃಷ್ಣಯ್ಯನವರೇ,

ಫೋನಿನಲ್ಲಿ ಕೇಳಿದೆ, ಮನೆಗೆ ಬಂದು ಕೇಳಿದೆ, ಮೆಸೇಜ್ ಮಾಡಿದೆ. ಸರಿಯಾದ ಉತ್ತರ ಸಿಗಲಿಲ್ಲ. ಹಾಗಾಗಿ ಈ ನೋಟಿಸ್ ಕಳಿಸುತ್ತಿದ್ದೇನೆ.

1. ನಿಮ್ಮ ಮನೆಯ 2ನೇ ಮಹಡಿಗೆ ನಾನು ನನ್ನ ಕುಟುಂಬದ ಜೊತೆ 1 ಜೂನ್ 2023ರಂದು ಬಾಡಿಗೆಗೆ ಬಂದೆ. ಸ್ಟಾಂಪ್ ಪೇಪರ್ ಮೇಲೆ 11 ತಿಂಗಳ ಕರಾರು ಆಯಿತು. ಬಾಡಿಗೆ ತಿಂಗಳಿಗೆ ₹18,000. ಹತ್ತು ತಿಂಗಳ ಬಾಡಿಗೆ, ಅಂದರೆ ₹1,80,000 ಅಡ್ವಾನ್ಸ್ ಅನ್ನು ನನ್ನ ಬ್ಯಾಂಕ್ ಖಾತೆಯಿಂದ ನಿಮ್ಮ ಖಾತೆಗೆ ಹಾಕಿದೆ. ಅದನ್ನು ಪಡೆದಿದ್ದೀರಿ ಎಂದು ಕರಾರಿನಲ್ಲೇ ಬರೆದಿದೆ. 1 ಮೇ 2024ರಿಂದ ಬಾಡಿಗೆಯನ್ನು ₹18,900ಕ್ಕೆ ಏರಿಸಿ, ಇನ್ನೊಂದು 11 ತಿಂಗಳಿಗೆ ಕರಾರು ಮುಂದುವರಿಸಿದೆವು. ಅಡ್ವಾನ್ಸ್ ಮೊತ್ತ ಹಾಗೇ ಉಳಿಯಿತು. ಒಂದು ತಿಂಗಳ ಬಾಡಿಗೆಯನ್ನೂ ನಾನು ಬಾಕಿ ಇಟ್ಟಿಲ್ಲ.

2. ಮನೆ ಬಿಡುತ್ತೇವೆ ಎಂದು 28 ಜನವರಿ 2025ರಂದೇ ಬರಹದಲ್ಲಿ ತಿಳಿಸಿದೆ. ಕರಾರಿನಲ್ಲಿ ಕೇಳಿದ್ದು ಎರಡು ತಿಂಗಳ ಮುಂಚಿತ ನೋಟಿಸ್, ಅದು ಸರಿಯಾಗಿಯೇ ಆಗಿದೆ. ಯುಗಾದಿಯ ಮಾರನೇ ದಿನ, 31 ಮಾರ್ಚ್ 2025ರಂದು ಮನೆ ಖಾಲಿ ಮಾಡಿ ಕೀಲಿಗಳನ್ನು ನಿಮ್ಮ ಮಗನ ಕೈಗೆ ಕೊಟ್ಟೆವು. ಅವರೇ ಎಲ್ಲಾ ಕೋಣೆ ನೋಡಿ, ಕೀಲಿ ಪಡೆದ ಚೀಟಿಗೆ ಸಹಿ ಹಾಕಿದ್ದಾರೆ. ಆವತ್ತು ಅವರು ಯಾವ ತಕರಾರೂ ಹೇಳಲಿಲ್ಲ. ಬೆಸ್ಕಾಂ ಬಿಲ್, ನೀರಿನ ಪಾಲು ಎರಡನ್ನೂ ಕಟ್ಟಿ ಮುಗಿಸಿದ್ದೇನೆ. ಮುಂದೆ ಬರುವವರಿಗೆ ತೊಂದರೆ ಆಗಬಾರದು ಅಂತ ಗೃಹಜ್ಯೋತಿಗೆ ಜೋಡಿಸಿದ್ದ ನನ್ನ ಆಧಾರ್ ಅನ್ನೂ ಆ ಮೀಟರಿನಿಂದ ತೆಗೆಸಿದ್ದೇನೆ.

3. ಕರಾರಿನ 9ನೇ ಷರತ್ತು ಸ್ಪಷ್ಟವಾಗಿದೆ. ಮನೆ ಖಾಲಿಯಾದ 15 ದಿನದೊಳಗೆ ಅಡ್ವಾನ್ಸ್ ವಾಪಸ್ ಕೊಡಬೇಕು. ಪೇಂಟಿಂಗ್ ಮತ್ತು ಕ್ಲೀನಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಬಹುದು. ಆ ₹18,900 ಹಿಡಿಯುವುದಕ್ಕೆ ನನ್ನ ತಕರಾರಿಲ್ಲ, ನಾನೇ ಸಹಿ ಹಾಕಿದ ಷರತ್ತು ಅದು. ಉಳಿದ ₹1,61,100 ಅನ್ನು 15 ಏಪ್ರಿಲ್ 2025ರ ಒಳಗೆ ನೀವು ಕೊಡಬೇಕಿತ್ತು. 24 ಏಪ್ರಿಲ್‌ಗೆ ಯುಪಿಐ ಮೂಲಕ ₹20,000 ಮಾತ್ರ ಹಾಕಿದಿರಿ. ಬಾಕಿ ₹1,41,100.

4. 2 ಮೇ 2025ರಂದು ನೀವು ವಾಟ್ಸ್‌ಆ್ಯಪ್‌ನಲ್ಲಿ ಒಂದು ಲೆಕ್ಕ ಕಳಿಸಿದಿರಿ. ಪೇಂಟಿಂಗ್ ₹58,000, ವಾರ್ಡ್‌ರೋಬ್ ₹22,500, ಕ್ಲೀನಿಂಗ್ ಮತ್ತು ಇತರೆ ₹16,000, ಒಟ್ಟು ₹96,500. ಇದಕ್ಕೆ ಒಂದೇ ಒಂದು ಬಿಲ್ ಕೊಟ್ಟಿಲ್ಲ. ಕೇಳಿದರೆ "ಬಿಲ್ ಎಲ್ಲಾ ಯಾಕೆ" ಎಂದಿರಿ.

ಪೇಂಟಿಂಗ್ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಲಗುವ ಕೋಣೆಯ ಗೋಡೆಯಲ್ಲಿ ಬಣ್ಣ ಎದ್ದು ಬಂದಿರುವುದು ನಿಜ. ಆದರೆ ಅದಕ್ಕೆ ಕಾರಣ ಟೆರೇಸಿನಲ್ಲಿ ನೀರು ನಿಂತು ಗೋಡೆಗೆ ಇಳಿದದ್ದು. 2024ರ ಆಗಸ್ಟ್ ಮಳೆಯಲ್ಲಿ ಗೋಡೆ ಒದ್ದೆಯಾದಾಗಲೇ ನಾನು ಫೋಟೋ ಸಮೇತ ನಿಮಗೆ ತಿಳಿಸಿದೆ. "ಮಳೆಗಾಲ ಮುಗಿಯಲಿ, ವಾಟರ್‌ಪ್ರೂಫಿಂಗ್ ಮಾಡಿಸೋಣ" ಎಂದು ನೀವು ಉತ್ತರ ಬರೆದಿರಿ. ಆ ಕೆಲಸ ನಾವು ಮನೆ ಬಿಡುವವರೆಗೂ ಆಗಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ನೀರು ಇಳಿದು, ಮಂಚವನ್ನು ಗೋಡೆಯಿಂದ ದೂರ ಎಳೆದು ಮಲಗಿದೆವು. ಬೂಷ್ಟಿನ ವಾಸನೆಗೆ ಮಗುವಿಗೆ ಕೆಮ್ಮು ಹಿಡಿಯಿತು. ಆದರೂ ಬಾಡಿಗೆಯಲ್ಲಿ ಒಂದು ರೂಪಾಯಿ ಕಡಿಮೆ ಮಾಡಿ ಎಂದು ಕೇಳಲಿಲ್ಲ. ಟೆರೇಸಿನ ದೋಷದಿಂದ ಹಾಳಾದ ಗೋಡೆಗೆ ಪುಟ್ಟಿ, ಪ್ರೈಮರ್, ಎರಡು ಕೋಟ್ ಬಣ್ಣದ ಖರ್ಚನ್ನು ಈಗ ನನ್ನ ಮೇಲೆ ಹಾಕುವುದು ಯಾವ ನ್ಯಾಯ? ಪೇಂಟಿಂಗ್‌ಗೆಂದೇ ಒಂದು ತಿಂಗಳ ಬಾಡಿಗೆ ಬೇರೆ ಹಿಡಿಯಲು ಒಪ್ಪಿದ್ದೇನೆ, ಅಲ್ವಾ?

ವಾರ್ಡ್‌ರೋಬಿನ ಬಾಗಿಲು ನಾವು ಬರುವಾಗಲೇ ಜೋತು ಬಿದ್ದಿತ್ತು. 31 ಮೇ 2023ರಂದು ಖಾಲಿ ಮನೆಯಲ್ಲಿ ತೆಗೆದು ಆವತ್ತೇ ನಿಮಗೆ ಕಳಿಸಿದ ವಿಡಿಯೋದಲ್ಲಿ ಅದು ಕಾಣುತ್ತದೆ. ಕ್ಲೀನಿಂಗ್ ಆ ಒಂದು ತಿಂಗಳ ಬಾಡಿಗೆಯಲ್ಲೇ ಸೇರಿದೆ. "ಇತರೆ" ಅಂದರೆ ಏನು ಎಂದು ನೀವು ಇವತ್ತಿಗೂ ಹೇಳಿಲ್ಲ.

5. ಇನ್ನೂ ಒಂದು ಮಾತು. ನಿಮ್ಮ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಆದರೆ ವಾದಕ್ಕೆ ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ₹1,80,000ದಲ್ಲಿ ₹96,500 ಕಳೆದರೆ ₹83,500 ಉಳಿಯುತ್ತದೆ. ಕೊಟ್ಟಿರುವ ₹20,000 ಕಳೆದರೂ ₹63,500 ನನಗೆ ಬರಬೇಕು. ನಿಮ್ಮದೇ ಲೆಕ್ಕದ ಆ ಹಣವನ್ನೂ ನೀವು ಕೊಟ್ಟಿಲ್ಲ. "ಹೊಸಬರ ಅಡ್ವಾನ್ಸ್ ಬಂದ ಮೇಲೆ ನೋಡೋಣ" ಎಂದಿರಿ. ಕರಾರಿನಲ್ಲಿ ಅಂಥ ಷರತ್ತೇ ಇಲ್ಲ. ಅದೂ ಅಲ್ಲದೆ, ಮೇ ತಿಂಗಳಲ್ಲೇ ಆ ಮನೆಗೆ ಹೊಸ ಬಾಡಿಗೆದಾರರು ಬಂದಾಗಿದೆ. ಅಡ್ವಾನ್ಸ್ ನಿಮ್ಮ ಬಳಿ ಭದ್ರತೆಗೆ ಇಟ್ಟ ನನ್ನ ಹಣ. ಅದು ಕೈಗೆ ಬರದೆ, ಈಗಿನ ಮನೆಯ ಅಡ್ವಾನ್ಸ್ ಕಟ್ಟಲು ನಾನು ಒಡವೆ ಅಡವಿಟ್ಟಿದ್ದೇನೆ. ಅದಕ್ಕೆ ಪ್ರತಿ ತಿಂಗಳೂ ಬಡ್ಡಿ ಕಟ್ಟುತ್ತಿದ್ದೇನೆ.

6. ಕಾನೂನು ಹೀಗಿದೆ. ಸ್ವತ್ತು ವರ್ಗಾವಣೆ ಕಾಯ್ದೆ 1882ರ 108ನೇ ಕಲಂ (ಎಂ) ಪ್ರಕಾರ ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲಿ ವಾಪಸ್ ಕೊಡಬೇಕು. ಆದರೆ ದಿನಬಳಕೆಯಿಂದ ಆಗುವ ಸಹಜ ಸವೆತಕ್ಕೆ ಅವರು ಹೊಣೆಯಲ್ಲ. ಭಾರತೀಯ ಕರಾರು ಕಾಯ್ದೆ 1872ರ 73ನೇ ಕಲಂ ಪ್ರಕಾರ, ಕರಾರು ಮುರಿದಿದ್ದರಿಂದ ನಿಜವಾಗಿ ಆದ ನಷ್ಟಕ್ಕೆ ಮಾತ್ರ ಪರಿಹಾರ ಕೇಳಬಹುದು. ನಷ್ಟ ಆಗಿದೆ ಎನ್ನುವವರೇ ಅದನ್ನು ತೋರಿಸಬೇಕು. ಇಲ್ಲಿ ಹಣ ಕೊಡುವ ಗಡುವು ಬರಹದಲ್ಲೇ ಇರುವುದರಿಂದ, ಬಡ್ಡಿ ಕಾಯ್ದೆ 1978ರ 3ನೇ ಕಲಂ ಪ್ರಕಾರ ಗಡುವು ಮುಗಿದ ದಿನದಿಂದಲೇ ಬಡ್ಡಿ ಕೇಳಲು ಅವಕಾಶವಿದೆ.

7. ಆದ್ದರಿಂದ ಈ ನೋಟಿಸ್ ನಿಮ್ಮ ಕೈ ಸೇರಿದ 15 ದಿನದೊಳಗೆ ₹1,41,100 ಅನ್ನು, ನಾನು ಯಾವ ಬ್ಯಾಂಕ್ ಖಾತೆಯಿಂದ ಬಾಡಿಗೆ ಕಳಿಸುತ್ತಿದ್ದೆನೋ, ನನ್ನ ಅದೇ ಖಾತೆಗೆ ಜಮಾ ಮಾಡಬೇಕು. ಅಷ್ಟರೊಳಗೆ ಕೊಟ್ಟರೆ ಬಡ್ಡಿ ಬಿಡುತ್ತೇನೆ. ತಪ್ಪಿದರೆ 16 ಏಪ್ರಿಲ್ 2025ರಿಂದ ಹಣ ಬರುವ ದಿನದವರೆಗೆ ವರ್ಷಕ್ಕೆ ಶೇ. 7ರಂತೆ ಬಡ್ಡಿ ಸೇರಿಸಿ ಕೊಡಬೇಕಾಗುತ್ತದೆ. ನನ್ನಿಂದ ಏನಾದರೂ ಹಾನಿ ಆಗಿದೆ ಎಂದು ನಿಮಗೆ ನಿಜವಾಗಿ ಅನಿಸಿದ್ದರೆ, ಇದೇ 15 ದಿನದಲ್ಲಿ ಬಿಲ್ ಮತ್ತು ಫೋಟೋ ಕಳಿಸಿ, ನೋಡುತ್ತೇನೆ. ಬರೀ ಬಾಯಿ ಲೆಕ್ಕ ಒಪ್ಪುವುದಿಲ್ಲ.

8. ಕೋರ್ಟಿಗೆ ಹೋಗುವ ಮುಂಚೆ ಕೂತು ಮಾತಾಡಲು ಸಿದ್ಧಳಿದ್ದೇನೆ. ಬೆಂಗಳೂರು ನಗರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮುಂದೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿ ಆಗುವ ರಾಜಿಗೆ ಸಿವಿಲ್ ಕೋರ್ಟ್ ಡಿಕ್ರಿಯಷ್ಟೇ ಬೆಲೆ ಇದೆ. ಅದಕ್ಕೆ ಒಪ್ಪಿಗೆ ಇದ್ದರೆ ಬರಹದಲ್ಲಿ ತಿಳಿಸಿ. ಹಣವೂ ಬರದೆ ಉತ್ತರವೂ ಬರದೆ ಇದ್ದರೆ, ಬಾಕಿ ಹಣ, ಬಡ್ಡಿ ಮತ್ತು ಕೋರ್ಟ್ ಖರ್ಚು ಕೊಡಿಸುವಂತೆ ಬೆಂಗಳೂರಿನ ಸಂಬಂಧಪಟ್ಟ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹಾಕುತ್ತೇನೆ. ಅದರ ಖರ್ಚು ವೆಚ್ಚಕ್ಕೆ ನೀವೇ ಹೊಣೆ.

ಎರಡೂ ಕರಾರು, ಅಡ್ವಾನ್ಸ್ ಹಾಕಿದ ಬ್ಯಾಂಕ್ ವಿವರ, ಕೀಲಿ ಚೀಟಿ, ಕೊನೆಯ ಬೆಸ್ಕಾಂ ಬಿಲ್, ಗೋಡೆಯ ಫೋಟೋಗಳು ಮತ್ತು ನಮ್ಮ ವಾಟ್ಸ್‌ಆ್ಯಪ್ ಮಾತುಕತೆಯ ಪ್ರತಿಗಳನ್ನು ಇದರ ಜೊತೆ ಇಟ್ಟಿದ್ದೇನೆ. ಮೂಲ ಪ್ರತಿಗಳು ಮತ್ತು ವಿಡಿಯೋ ನನ್ನ ಬಳಿ ಇವೆ. ಈ ನೋಟಿಸಿನ ಒಂದು ಪ್ರತಿಯನ್ನೂ ಮುಂದಿನ ಕ್ರಮಕ್ಕಾಗಿ ಇಟ್ಟುಕೊಂಡಿದ್ದೇನೆ.

ಇಂತಿ,
(ಸಹಿ)
ಸವಿತಾ
ಹಿಂದಿನ ಬಾಡಿಗೆದಾರರು, ಮನೆ ನಂ. 214, 2ನೇ ಮಹಡಿ