ಅರಳೀಕಟ್ಟೆ ಟೀ ಅಂಗಡಿ, ಹನುಮಂತನಗರ: ಬೋರ್ಡಿಗೆ, ಗೋಡೆಗೆ, ಸ್ಲೇಟಿಗೆ ಬರೆಯಬೇಕಾದ್ದು

ಪೇಂಟರ್ ಅಣ್ಣನಿಗೆ ನಮಸ್ಕಾರ. ಅಪ್ಪನ ಅಂಗಡಿಗೆ ಬೇಕಾದ ಬರಹ ಎಲ್ಲಾ ಈ ಹಾಳೆಯಲ್ಲಿದೆ. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ ಕಾನೂನಿದೆ. ನಮ್ಮದು ಪೂರ್ತಿ ನೂರಕ್ಕೆ ನೂರು ಇರಲಿ. ಹಳದಿ ಮೇಲೆ ಕೆಂಪು ಅಕ್ಷರ, ಒತ್ತಕ್ಷರಗಳು ಸ್ಪಷ್ಟವಾಗಿ ಕಾಣಲಿ.

ಮೇಲಿನ ದೊಡ್ಡ ಬೋರ್ಡು

ಅರಳೀಕಟ್ಟೆ ಟೀ ಅಂಗಡಿ
ಕಟ್ಟೆ ಎಲ್ಲರದು, ಟೀ ನಮ್ಮದು, ಹರಟೆ ನಿಮ್ಮದು
ಬೆಳಗ್ಗೆ 5.30ರಿಂದ ರಾತ್ರಿ 9ರವರೆಗೆ

(ಎರಡನೇ ಸಾಲು ದೊಡ್ಡದಾಗಿರಲಿ. ಬಸ್ಸಿನ ಕಿಟಕಿಯಿಂದಲೂ ಓದೋಕೆ ಆಗಬೇಕು.)

ಎಡಗಡೆ ಹಲಗೆ, ರೇಟು

ಟೀ 12
ಶುಂಠಿ ಏಲಕ್ಕಿ ಟೀ 15
ಲೆಮನ್ ಟೀ 15
ಬೆಲ್ಲದ ಟೀ 18
ಬಾದಾಮಿ ಹಾಲು 25
ಬನ್ನು, ರಸ್ಕು, ನಿಪ್ಪಟ್ಟು, ಕೋಡುಬಳೆ: ಗಾಜಿನ ಡಬ್ಬದಲ್ಲಿ ಕಾಣ್ತಿದೆ, ಬೆರಳು ತೋರಿಸಿದರೆ ಸಾಕು
ಮಸಾಲೆ ವಡೆ: ಸಂಜೆ 4ಕ್ಕೆ. 5ಕ್ಕೆ ಬಂದು ಖಾಲಿನಾ ಅಂತ ಬೇಜಾರಾಗಬೇಡಿ

ಬೈ ಟು: ಒಂದು ಟೀ, ಎರಡು ಲೋಟ. ಜಾಸ್ತಿ ದುಡ್ಡು ಇಲ್ಲ. ಸ್ನೇಹಕ್ಕೆ ನಾವು ಚಾರ್ಜ್ ಮಾಡಲ್ಲ.

ಹಲಗೆಯ ಕೆಳಗೆ, ಸಣ್ಣ ಅಕ್ಷರದಲ್ಲಿ

ಆಟೋ ಅಣ್ಣಂದಿರೇ, ಇಲ್ಲಿ ಮೀಟರ್ ರೇಟು. ರಾತ್ರಿಯಾದರೂ ಒನ್ ಅಂಡ್ ಹಾಫ್ ಇಲ್ಲ.

ಒಲೆಯ ಹಿಂದಿನ ಗೋಡೆ

(ಕಾಯುತ್ತಾ ನಿಂತವರು ಓದುವ ಜಾಗ ಇದೇ. ಹಾಗಾಗಿ ಸ್ವಲ್ಪ ಉದ್ದ ಇದೆ, ಒಂದು ಸಾಲೂ ಬಿಡಬೇಡಿ ಅಣ್ಣ. ಅಪ್ಪ ಎಲ್ಲರಿಗೂ ಬಾಯಲ್ಲಿ ಹೇಳುವುದನ್ನೇ ಬರೆದಿದ್ದೇನೆ.)

ನಮ್ಮ ಟೀ ಯಾಕೆ ತಡ?

ಮೊದಲು ನೀರಿಗೆ ಜಜ್ಜಿದ ಶುಂಠಿ. ಅದು ಚೆನ್ನಾಗಿ ಕುದಿಯಬೇಕು. ಹಸಿ ಶುಂಠಿ ಹಾಗೇ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತೆ.
ಆಮೇಲೆ ಡಸ್ಟ್ ಟೀ ಪುಡಿ. ಡಸ್ಟ್ ಅಂದರೆ ಕಸ ಅಲ್ಲ ಸ್ವಾಮಿ, ತುಂಬಾ ಸಣ್ಣ ಕಾಳಿನ ಟೀ. ಸಣ್ಣದಾದಷ್ಟೂ ಬಣ್ಣ ಬೇಗ ಬಿಡುತ್ತೆ, ಖಡಕ್ಕಾಗಿರುತ್ತೆ.
ಆಮೇಲೆ ಹಾಲು. ಉಕ್ಕಿ ಬರುತ್ತೆ, ಇಳಿಸ್ತೀವಿ. ಮತ್ತೆ ಉಕ್ಕುತ್ತೆ, ಮತ್ತೆ ಇಳಿಸ್ತೀವಿ.
ಏಲಕ್ಕಿ ಕೊನೆಗೆ. ಮೊದಲೇ ಹಾಕಿದರೆ ಘಮ ಪೂರ್ತಿ ಬೀದಿಗೆ ಹೋಗುತ್ತೆ, ಲೋಟಕ್ಕೆ ಏನೂ ಉಳಿಯಲ್ಲ.
ಬೆಲ್ಲದ ಟೀಗೆ ಬೆಲ್ಲ ಬೀಳೋದು ಒಲೆಯಿಂದ ಇಳಿಸಿದ ಮೇಲೆ. ಕುದಿಯೋ ಹಾಲಿಗೆ ಬೆಲ್ಲ ಹಾಕಿದರೆ ಅದೂ ಒಡೆದೀತು.
ಬೆಳಗ್ಗೆ ಮಾಡಿದ್ದನ್ನು ಸಂಜೆ ಬಿಸಿ ಮಾಡಿ ಕೊಡೋದು ಈ ಅಂಗಡಿಯಲ್ಲಿ ಇಲ್ಲ.

ಆರ್‌ಸಿಬಿ ಕಪ್ಪಿಗೆ 18 ವರ್ಷ ಕಾದವರು ನೀವು. ನಮ್ಮ ಕಪ್ಪಿಗೆ ಐದು ನಿಮಿಷ ಕಾಯಲ್ವಾ?

ಕಟ್ಟೆಯ ಪಕ್ಕದ ಕಂಬಗಳು, ಒಂದೊಂದಕ್ಕೆ ಒಂದೊಂದು

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.
ಗೆಳೆಯರ ಜಗಳ ಟೀ ಕುಡಿದು ಏಳೋ ತನಕ.

ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು.
ನಿಂತು ಕುಡಿಯೋರಿಗೆ ಹನ್ನೆರಡು ರೂಪಾಯಿ ಸಾಕು.

ಮಾತು ಬೆಳ್ಳಿ, ಮೌನ ಬಂಗಾರ.
ಇವತ್ತಿನ ರೇಟಿಗೆ ಎರಡೂ ಬೇಡ, ಟೀ ತಗೊಳ್ಳಿ.

(ನಾಲ್ಕನೇ ಕಂಬ ಅರಳಿಮರಕ್ಕೆ ತಾಗಿಕೊಂಡಿದೆ. ಅದನ್ನು ಖಾಲಿ ಬಿಡಿ. ಅಲ್ಲಿ ಅಜ್ಜಿಯರು ಅರಿಶಿನ ಕುಂಕುಮ ಇಡ್ತಾರೆ.)

ಗಲ್ಲಾಪೆಟ್ಟಿಗೆ ಮುಂದೆ

ಸಾಲ ನಾಳೆ ಅಂತ ಎಲ್ಲಾ ಕಡೆ ಬರೆದಿರ್ತಾರೆ. ನಾವು ಬರೆಯಲ್ಲ. ಕೈಯಲ್ಲಿ ದುಡ್ಡಿಲ್ಲ ಅಂದರೆ ಟೀ ಕುಡಿದು ಹೋಗಿ, ನಾಳೆ ಬಂದು ಕೊಡಿ. ನಾಳೆ ಬರೋದು ಮಾತ್ರ ಮರೀಬೇಡಿ, ನಿಮ್ಮ ಜಾಗದಲ್ಲಿ ಬೇರೆಯವರು ಕೂತಿರ್ತಾರೆ.

ಚಿಲ್ಲರೆ ಇದೆಯಾ? ನೀವೇ ನಮ್ಮ ವಿಐಪಿ.

ಯುಪಿಐ ಸದ್ದು ಬಂದ ಮೇಲೆ ಹೊರಡಿ. ನೆಟ್‌ವರ್ಕ್ ಇಲ್ಲದಿದ್ದರೆ ಇನ್ನೊಂದು ನಿಪ್ಪಟ್ಟು ತಿನ್ನುತ್ತಾ ಕಾಯಿರಿ.

ಲೋಟ ಇಡುವ ಜಾಗದ ಮೇಲೆ

ಇಲ್ಲಿ ಗಾಜಿನ ಲೋಟ ಮಾತ್ರ. ಪೇಪರ್ ಕಪ್ಪಿನ ಒಳಗೂ ಪ್ಲಾಸ್ಟಿಕ್ ಪದರ ಇರುತ್ತೆ. ಗಾಜಿನಲ್ಲಾದರೆ ಟೀ ಬಣ್ಣವೂ ಕಾಣುತ್ತೆ, ಕೈಗೆ ಬಿಸಿಯೂ ಸಿಗುತ್ತೆ. ಪ್ರತಿ ಲೋಟ ಕುದಿಯೋ ನೀರಿನಲ್ಲಿ ತೊಳೆದಿದ್ದು.
ಮನೆಗೆ ಬೇಕಾ? ಫ್ಲಾಸ್ಕ್ ತನ್ನಿ. ಫ್ಲಾಸ್ಕ್ ತಂದವರಿಗೆ ಅರ್ಧ ಲೋಟ ಜಾಸ್ತಿ.

ರಸ್ತೆ ಕಡೆಯ ಗೋಡೆ

ಇಲ್ಲಿ ಸಿಗರೇಟು ಮಾರಲ್ಲ, ಸೇದೋಕೂ ಜಾಗ ಇಲ್ಲ. ಹೊಗೆ ಲೋಟದಿಂದ ಮಾತ್ರ ಬರಲಿ. ಕಟ್ಟೆ ಮೇಲೆ ಮಕ್ಕಳು ಕೂರ್ತಾರೆ.

ಗಾಡಿ ಅಡ್ಡ ನಿಲ್ಲಿಸಬೇಡಿ. ಎದುರು ಮನೆ ತಾತ ದಿನಾ ಬೆಳಗ್ಗೆ ಇದೇ ದಾರಿಯಲ್ಲಿ ರಾಮಾಂಜನೇಯ ಗುಡ್ಡಕ್ಕೆ ವಾಕಿಂಗ್ ಹೋಗ್ತಾರೆ.

ಸ್ಲೇಟು ಬೋರ್ಡು

(ಇದಕ್ಕೆ ಪೇಂಟ್ ಬೇಡ ಅಣ್ಣ, ಕಪ್ಪು ಬಳಿದು ಕೊಡಿ ಸಾಕು. ಸೀಮೆಸುಣ್ಣದಲ್ಲಿ ದಿನ ನೋಡಿ ನಾನೇ ಬರೀತೀನಿ. ಅಪ್ಪನಿಗೂ ಒಂದು ಪ್ರತಿ ಇರಲಿ ಅಂತ ಇಲ್ಲಿ ಸೇರಿಸಿದ್ದೇನೆ.)

ಸೋಮವಾರ: ಸೋಮವಾರಕ್ಕೆ ಔಷಧಿ ಇಲ್ಲ. ಶುಂಠಿ ಟೀ ಇದೆ.

ಮಳೆ ಬಂದಾಗ: ಮಳೆ ನಿಲ್ಲೋವರೆಗೆ ಇಲ್ಲೇ ನಿಲ್ಲಿ. ಟೀ ತಗೊಳ್ಳಲೇಬೇಕು ಅಂತಿಲ್ಲ. ಘಮ ಬಂದರೆ ಮಾತ್ರ ನಾವು ಜವಾಬ್ದಾರರಲ್ಲ.

ಕರೆಂಟ್ ಹೋದಾಗ: ಕರೆಂಟ್ ಇಲ್ಲ. ಒಲೆ ಉರೀತಿದೆ. ಬನ್ನಿ.

ಸಂಜೆ ಟ್ರಾಫಿಕ್ ಹೊತ್ತಿಗೆ: ಸಿಲ್ಕ್ ಬೋರ್ಡ್ ದಾಟಿ ಬಂದಿರಾ? ಮೊದಲು ಕೂತ್ಕೊಳ್ಳಿ. ಏನೂ ಹೇಳಬೇಡಿ. ಟೀ ತರ್ತೀವಿ.

ಪರೀಕ್ಷೆ ದಿನಗಳಲ್ಲಿ: ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ತೋರಿಸಿದ ಮಕ್ಕಳಿಗೆ ಬಾದಾಮಿ ಹಾಲು ನಮ್ಮ ಕಡೆಯಿಂದ. ಪೇಪರ್ ಹೇಗಿತ್ತು ಅಂತ ಇಲ್ಲಿ ಯಾರೂ ಕೇಳಲ್ಲ.

ಮ್ಯಾಚ್ ದಿನ: ಈ ಸಲ ಕಪ್ ಯಾರದೋ ಗೊತ್ತಿಲ್ಲ. ಇಲ್ಲಿ ಪ್ರತಿ ಸಲ ಕಪ್ ನಿಮ್ದೇ.

ಯುಗಾದಿ: ಬೇವು ಮನೆಯಲ್ಲಿ ತಿಂದು ಬನ್ನಿ. ಬೆಲ್ಲದ ಟೀ ಇಲ್ಲಿ ಕುಡಿಯಿರಿ.

ಮೇ 21, ಅಂತರರಾಷ್ಟ್ರೀಯ ಚಹಾ ದಿನ: ಇವತ್ತು ಇಡೀ ಲೋಕಕ್ಕೆ ಟೀ ಹಬ್ಬ. ನಮಗೆ ಮಾಮೂಲಿ ಗುರುವಾರ, ಶುಕ್ರವಾರದ ಹಾಗೆ. ಆದರೂ ಬೈ ಟು ಕೇಳಿದರೆ ಎರಡು ಲೋಟವೂ ಪೂರ್ತಿ ತುಂಬಿರುತ್ತೆ.

ನವೆಂಬರ್ 1: ಕಾಫಿ ನಾಡಿನಲ್ಲಿ ಟೀ ಮಾರ್ತಿದ್ದೀವಿ, ಚಿಕ್ಕಮಗಳೂರು ಕೊಡಗಿನವರ ಕ್ಷಮೆ ಇರಲಿ. ಇವತ್ತೊಂದು ದಿನ ಫಿಲ್ಟರ್ ಕಾಫಿಯೂ ಉಂಟು. ಕನ್ನಡದಲ್ಲಿ ಆರ್ಡರ್ ಮಾಡಿ. ಬರದಿದ್ದರೆ ಟೀ ಕುದಿಯೋ ಅಷ್ಟರಲ್ಲಿ ನಾವು ಹೇಳಿಕೊಡ್ತೀವಿ: "ಅಣ್ಣ, ಒಂದು ಟೀ ಕೊಡಿ."

ಕಡಲೆಕಾಯಿ ಪರಿಷೆ: ಕಾರ್ತಿಕದ ಕೊನೇ ಸೋಮವಾರ. ದೊಡ್ಡ ಬಸವಣ್ಣನಿಗೆ ಕೈ ಮುಗಿದು, ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಕೊಂಡು ಸೀದಾ ಕಟ್ಟೆಗೆ ಬನ್ನಿ. ಕಾಯಿ ನಿಮ್ಮದು, ಟೀ ನಮ್ಮದು. ಸಿಪ್ಪೆ ಡಬ್ಬಕ್ಕೆ, ರಸ್ತೆಗಲ್ಲ.

ಶಟರ್ ಮೇಲೆ

ಅಂಗಡಿ ಮುಚ್ಚಿದೆ. ಹಾಲಿನ ಗಾಡಿ 5ಕ್ಕೆ ಬರುತ್ತೆ, ಅಪ್ಪ 5.15ಕ್ಕೆ, ಮೊದಲ ಟೀ 5.30ಕ್ಕೆ. ಅದಕ್ಕೂ ಮುಂಚೆ ಬಂದವರು ಹಾಲಿನ ಕ್ರೇಟು ಇಳಿಸೋಕೆ ಒಂದು ಕೈ ಕೊಡಿ. ಅವರ ಟೀಗೆ ದುಡ್ಡು ತಗೊಳ್ಳಲ್ಲ.

(ಅಣ್ಣ, ಶಟರ್ ಎತ್ತಿದಾಗ ಪೇಂಟ್ ಉದುರುತ್ತೆ. ಇದಕ್ಕೆ ಮಾತ್ರ ಎರಡು ಕೋಟ್ ಹಾಕಿ. ಕೆಲಸ ಮುಗಿಯೋವರೆಗೆ ನಿಮ್ಮ ಟೀ, ವಡೆ ಅಪ್ಪನ ಲೆಕ್ಕದಲ್ಲಿ.)