ವಿಷಯ: ಶಿರಸಿಯಿಂದ ಬಂದಿರುವ ಹೊಸ ಮ್ಯಾನೇಜರ್, ನಿನ್ನೆ ಆಗದೇ ಹೋದ ಪರಿಚಯ

ಬ್ಯಾಡಗಿ ಶಾಖೆಯ ಎಲ್ಲರಿಗೂ ನಮಸ್ಕಾರ,

ನಿನ್ನೆ ಬೆಳಿಗ್ಗೆ ಚಾರ್ಜ್ ತೆಗೆದುಕೊಂಡೆ. ಒಬ್ಬೊಬ್ಬರನ್ನೂ ಕೂತು ಮಾತಾಡಿಸಬೇಕು ಅಂದುಕೊಂಡೇ ಬಂದಿದ್ದೆ. ಆದರೆ ಮೆಣಸಿನಕಾಯಿ ಸೀಸನ್ನಿನಲ್ಲಿ, ಅದೂ ಮಾರ್ಕೆಟ್ ಇರುವ ಸೋಮವಾರವೇ ಜಾಯಿನ್ ಆಗೋ ಮನುಷ್ಯನಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು ಹೇಳಿ. ಹತ್ತೂವರೆಗೆ ಹಾರ ಹಾಕಿದಿರಿ, ಹನ್ನೊಂದಕ್ಕೆ ನಾನು ಕೌಂಟರ್ ಆಚೆ ನಿಂತು ಜನರಿಗೆ ಚಲನ್ ತುಂಬಿಕೊಡುತ್ತಿದ್ದೆ. ಹಾಗಾಗಿ ಪರಿಚಯ ಈ ಮೇಲ್‌ನಲ್ಲಿ.

ನಾನು ರಾಘು. ಮೂರು ವರ್ಷ ನಮ್ಮ ಶಿರಸಿ ಶಾಖೆಯಲ್ಲಿದ್ದೆ. ಬ್ಯಾಂಕಿಗೆ ಸೇರಿದ್ದು ಕ್ಲರ್ಕ್ ಆಗಿ, ಏಳು ವರ್ಷ ಕ್ಯಾಶ್‌ನಲ್ಲೇ ಕೂತಿದ್ದೆ. ಸಂಜೆ ಟ್ಯಾಲಿ ಮಾಡುವಾಗ ಐನೂರು ರೂಪಾಯಿ ಕಡಿಮೆ ಬಂದರೆ ಹೊಟ್ಟೆಯಲ್ಲಿ ಏನಾಗುತ್ತೆ ಅನ್ನೋದು ಚೆನ್ನಾಗಿ ಗೊತ್ತು. ಆಮೇಲೆ ಪ್ರಮೋಷನ್, ಕೃಷಿ ಸಾಲ, ಮ್ಯಾನೇಜರ್ ಕುರ್ಚಿ. ಮನೆಯವರು ಸದ್ಯಕ್ಕೆ ಶಿರಸಿಯಲ್ಲೇ ಇದ್ದಾರೆ, ಮಗಳ ಪರೀಕ್ಷೆ ಮುಗಿಯುವ ತನಕ. ನಾನು ಇಲ್ಲಿ ರೂಮು ಹುಡುಕುತ್ತಿದ್ದೇನೆ. ನೀರಿನ ತೊಂದರೆ ಇಲ್ಲದ ಮನೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.

ನಮ್ಮ ಕಡೆಯ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ‘ಅಡ್ಡಿಲ್ಲ’ ಅಂದರೆ ‘ಆಯ್ತು, ಮಾಡಿ’ ಅಂತ ಅರ್ಥ. ನಿನ್ನೆ ಒಬ್ಬರು ರಜೆ ಕೇಳಿದರು, ‘ಅಡ್ಡಿಲ್ಲ’ ಅಂದೆ. ಪಾಪ, ಸಿಕ್ತೋ ಇಲ್ವೋ ಗೊತ್ತಾಗದೆ ಸಂಜೆ ತನಕ ನನ್ನ ಮುಖ ನೋಡುತ್ತಿದ್ದರು. ರಜೆ ಸಿಕ್ಕಿದೆ, ಹೋಗಿ ಬನ್ನಿ.

ಇನ್ನು ಕೆಲಸದ ವಿಷಯ. ನನಗೆ ಅಡಿಕೆ ಗೊತ್ತು, ಮೆಣಸಿನಕಾಯಿ ಗೊತ್ತಿಲ್ಲ. ಕಡ್ಡಿ ಯಾವುದು, ಡಬ್ಬಿ ಯಾವುದು ಅಂತ ನೋಡಿ ಹೇಳುವಷ್ಟೂ ಬರುವುದಿಲ್ಲ. ಕೋಲ್ಡ್ ಸ್ಟೋರೇಜ್ ರಸೀದಿ ಮೇಲಿನ ಸಾಲವನ್ನು ಕಾಗದದಲ್ಲಿ ಓದಿದ್ದೇನೆ, ಕೈಯಾರೆ ಒಂದೂ ಮಾಡಿಲ್ಲ. ಹಾಗಾಗಿ ಇನ್ನೊಂದು ತಿಂಗಳು ಆ ಫೈಲುಗಳನ್ನು ನನ್ನ ಟೇಬಲ್‌ಗೆ ಸುಮ್ನೆ ಸಹಿಗೆ ಇಡಬೇಡಿ. ಐದು ನಿಮಿಷ ಪಕ್ಕದಲ್ಲಿ ಕೂತು ಹೇಳಿಕೊಡಿ. ದಡ್ಡ ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹೊಸ ಮ್ಯಾನೇಜರ್ ಬಂದರೆ ಮೊದಲ ವಾರವೇ ಏನಾದರೂ ಬದಲಾಯಿಸುತ್ತಾನೆ ಅನ್ನೋ ಭಯ ಎಲ್ಲ ಶಾಖೆಯಲ್ಲೂ ಇರುತ್ತೆ, ಅಲ್ವಾ? ನಾನೂ ಅದನ್ನು ಮಾಡಿದವನೇ. ಮೊದಲ ಸಲ ಮ್ಯಾನೇಜರ್ ಆದಾಗ ಜೋಶ್‌ನಲ್ಲಿ ಪಾಸ್‌ಬುಕ್ ಕೌಂಟರನ್ನು ಬಾಗಿಲ ಹತ್ತಿರದಿಂದ ಒಳಗೆ ಹಾಕಿಸಿದೆ. ವಯಸ್ಸಾದವರೆಲ್ಲ ಕ್ಯಾಶ್ ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತು, ಕೊನೆಗೆ ಪಾಸ್‌ಬುಕ್ ಚಾಚುತ್ತಿದ್ದರು. ಹತ್ತೇ ದಿನಕ್ಕೆ ಕೌಂಟರ್ ವಾಪಸ್ ಹಳೇ ಜಾಗಕ್ಕೆ ಬಂತು. ಆದ್ದರಿಂದ ಮಾರ್ಚ್ ಮುಗಿಯುವ ತನಕ ಯಾರ ಸೀಟೂ ಬದಲಾಗುವುದಿಲ್ಲ, ಯಾರ ಕೆಲಸವೂ ಬದಲಾಗುವುದಿಲ್ಲ.

ಎರಡು ವಿಷಯ ಮಾತ್ರ ಈ ವಾರದಿಂದಲೇ.

ಮೊದಲನೆಯದು, ನಿನ್ನೆ ಕಣ್ಣಾರೆ ನೋಡಿದ್ದು. ಮಧ್ಯಾಹ್ನ ಕರ್ನೂಲ್ ಕಡೆಯ ಒಬ್ಬ ರೈತರು ದಲಾಲಿ ಅಂಗಡಿಯ ಹುಡುಗನ ಜೊತೆ ಬಂದರು. ಅಂಗಿಯ ತುಂಬಾ ಮೆಣಸಿನ ಪುಡಿ, ಕೈಯಲ್ಲಿ ನಾಲ್ಕು ಮಡಿಕೆ ಮಡಿಸಿದ ಪಾಸ್‌ಬುಕ್. ಅಂಗಡಿಯವರು ಹಿಂದಿನ ಮಾರ್ಕೆಟ್ಟಿನ ದುಡ್ಡನ್ನು ನಮ್ಮ ಶಾಖೆಯಿಂದ ಕಳಿಸಿದ್ದರು, ಅದು ವಾಪಸ್ ಬಂದಿತ್ತು. ಪಾಸ್‌ಬುಕ್ ಬಿಚ್ಚಿ ನೋಡಿದರೆ ಅದು ವಿಲೀನ ಆಗಿಹೋದ ಬ್ಯಾಂಕಿನದು, ಐಎಫ್‌ಎಸ್‌ಸಿ ಹಳೆಯದು. ಫಾರಂ ತೆಗೆದುಕೊಂಡವರದು ತಪ್ಪು ಅನ್ನುತ್ತಿಲ್ಲ. ಮುಂದೆ ನಲವತ್ತು ಜನ ನಿಂತಿರುವಾಗ ಕೋಡ್ ಯಾರು ನೋಡುತ್ತಾರೆ? ಆದರೆ ಆ ಮನುಷ್ಯ ತನ್ನ ದುಡ್ಡು ಕೇಳೋದಕ್ಕೆ ಅಷ್ಟು ದೂರದಿಂದ ಎರಡನೇ ಸಲ ಬಂದಿದ್ದರು. ಹಾಗಾಗಿ ಸೋಮವಾರ, ಗುರುವಾರ ಹನ್ನೊಂದರಿಂದ ಎರಡರ ತನಕ ಬಾಗಿಲ ಬಳಿ ಒಂದು ಟೇಬಲ್ ಹಾಕಿ ನಾನೇ ಕೂರುತ್ತೇನೆ. ಆರ್‌ಟಿಜಿಎಸ್, ನೆಫ್ಟ್ ಫಾರಂ ಕೌಂಟರಿಗೆ ಬರುವ ಮೊದಲು ನನ್ನ ಕೈ ದಾಟಿ ಬರಲಿ. ಅಕೌಂಟ್ ನಂಬರ್, ಕೋಡ್ ನೋಡಿ, ಎರಡು ಲಕ್ಷಕ್ಕಿಂತ ಕಡಿಮೆ ಮೊತ್ತಕ್ಕೆ ಆರ್‌ಟಿಜಿಎಸ್ ಫಾರಂ ತುಂಬಿದವರಿಗೆ ಬೇರೆ ಫಾರಂ ಕೊಟ್ಟು ಕಳಿಸುತ್ತೇನೆ. ನನಗೂ ಜನ ಪರಿಚಯ ಆಗುತ್ತಾರೆ. ತೆಲುಗು ಮಾತಾಡಲು ಬರುವವರು ಒಬ್ಬರು ಆಗಾಗ ಬಂದು ಕಾಪಾಡಿ.

ಎರಡನೆಯದು ಬೆಳೆಸಾಲ. ಮೂರು ಲಕ್ಷದ ತನಕದ ಕೆಸಿಸಿಗೆ 7% ಬಡ್ಡಿ, ವಾಯಿದೆಯೊಳಗೆ ಕಟ್ಟಿದವರಿಗೆ 4% ಬೀಳುತ್ತೆ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ರೈತರ ಕೈಯಲ್ಲಿ ದುಡ್ಡಿರೋದು ಈಗ, ಕಾಯಿ ಮಾರಿದ ವಾರ. ನಾವು ಫೋನ್ ಮಾಡೋದು ಮಾರ್ಚ್ ಕೊನೆಗೆ, ಅಷ್ಟರಲ್ಲಿ ಆ ದುಡ್ಡು ಮದುವೆಗೋ ಟ್ರ್ಯಾಕ್ಟರ್ ಕಂತಿಗೋ ಹೋಗಿರುತ್ತೆ. ವಾಯಿದೆ ಹತ್ತಿರ ಬಂದವರ ಪಟ್ಟಿಯನ್ನು ಬುಧವಾರ ಸಂಜೆಯೊಳಗೆ ತೆಗೆದಿಡೋಣ. ಊರಿನ ಪ್ರಕಾರ ಹಂಚಿಕೊಂಡು ಮಾತಾಡೋಣ, ಅರ್ಧ ಪಟ್ಟಿ ನನ್ನದು. ‘ಕಟ್ಟಿ’ ಅನ್ನೋದಕ್ಕಿಂತ ‘ಈ ತಾರೀಖಿನೊಳಗೆ ಕಟ್ಟಿದರೆ ಮೂರು ಪರ್ಸೆಂಟ್ ಉಳಿಯುತ್ತೆ’ ಅಂತ ಶುರು ಮಾಡಿದರೆ ಜನ ಫೋನ್ ಇಡುವುದಿಲ್ಲ. ಇದು ಶಿರಸಿಯಲ್ಲಿ ನನಗೆ ಕೆಲಸಕ್ಕೆ ಬಂದ ಮಾತು, ಇಲ್ಲೂ ಬರುತ್ತಾ ನೋಡೋಣ.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಡುಸು. ಕ್ಯಾಶ್ ರೂಮಿನ ಎರಡು ಕೀ ಯಾವತ್ತೂ ಒಬ್ಬರ ಕೈಯಲ್ಲಿ ಇರಕೂಡದು, ಹತ್ತು ನಿಮಿಷಕ್ಕೂ ಇರಕೂಡದು. ಟೀ ಕುಡಿಯೋಕೆ ಹೋಗೋವಾಗ ‘ಹಿಡ್ಕೊಂಡಿರಿ’ ಅಂತ ಕೊಟ್ಟು ಹೋಗೋದು ಬೇಡ. ಪಾಸ್‌ವರ್ಡ್ ಕೂಡ ಹಾಗೇ. ನಾನೇ ಕೇಳಿದರೂ ಕೊಡಬೇಡಿ. ಯಾರ ಮೇಲೂ ಅನುಮಾನ ಇಲ್ಲ, ಏನಾದರೂ ಹೆಚ್ಚುಕಡಿಮೆ ಆದ ದಿನ ನಿಮ್ಮ ಮೇಲೆ ಬರಬಾರದು ಅಷ್ಟೇ.

ತಪ್ಪಾದರೆ ಅವತ್ತೇ ಹೇಳಿ. ಅವತ್ತೇ ಗೊತ್ತಾದ ತಪ್ಪನ್ನು ಇಬ್ಬರೂ ಕೂತು ಸರಿ ಮಾಡಬಹುದು. ಆಡಿಟ್‌ನಲ್ಲಿ ಸಿಕ್ಕರೆ ಇಬ್ಬರೂ ಕೂತು ಉತ್ತರ ಬರೆಯಬೇಕು.

ಮಂಗಳವಾರ, ಬುಧವಾರ, ಶುಕ್ರವಾರ ನಾಲ್ಕೂವರೆ ಮೇಲೆ ಒಬ್ಬೊಬ್ಬರ ಜೊತೆ ಕಾಲು ಗಂಟೆ ಕೂರುತ್ತೇನೆ. ಅಟೆಂಡರ್, ಸೆಕ್ಯುರಿಟಿಯವರು, ಹಳ್ಳಿಗೆ ಹೋಗುವ ಬ್ಯಾಂಕ್ ಮಿತ್ರರು, ಚಿನ್ನ ನೋಡುವ ಅಪ್ರೈಸರ್, ಎಲ್ಲರೂ ಇದರಲ್ಲಿ ಸೇರಿದ್ದಾರೆ. ಟಾರ್ಗೆಟ್ ಮಾತಾಡುವುದಿಲ್ಲ, ಅದನ್ನು ರೀಜನಲ್ ಆಫೀಸಿನವರು ಹೇಗೂ ನೆನಪಿಸುತ್ತಾರೆ. ನಿಮ್ಮ ದಿನ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಯಾವ ರಜಿಸ್ಟರ್ ಎರಡೆರಡು ಸಲ ಬರೆಯುತ್ತೀರಿ, ಯಾವ ಪ್ರಿಂಟರ್ ಕೈ ಕೊಡುತ್ತೆ, ಅದನ್ನು ಹೇಳಿ. ಹಿಂದಿನ ಮ್ಯಾನೇಜರ್ ಮಾತು ಕೊಟ್ಟ ರಜೆ, ಬಿಲ್ಲು ಏನಾದರೂ ಬಾಕಿ ಇದ್ದರೆ ಅದನ್ನೂ ತನ್ನಿ. ಅವರ ನೋಟ್ ನನ್ನ ಹತ್ತಿರ ಇದೆ, ಆದರೆ ಎಲ್ಲವೂ ನೋಟ್‌ನಲ್ಲಿ ಇರುವುದಿಲ್ಲವಲ್ಲ.

ನನ್ನ ನಂಬರ್ ಗ್ರೂಪ್‌ನಲ್ಲಿ ಹಾಕಿದ್ದೇನೆ. ರಾತ್ರಿ ಒಂಬತ್ತರ ಮೇಲೆ ನಾನಾಗಿ ಮೆಸೇಜ್ ಮಾಡುವುದಿಲ್ಲ. ಎಟಿಎಂ ಒಡೆದಿದ್ದರೆ, ಯಾರಿಗಾದರೂ ಹುಷಾರಿಲ್ಲದಿದ್ದರೆ ನೀವು ಎಷ್ಟು ಹೊತ್ತಿಗಾದರೂ ಫೋನ್ ಮಾಡಿ.

ಕೊನೆಗೊಂದು ಸಹಾಯ. ನಿನ್ನೆ ಇಡೀ ದಿನ ಸೀನಿದ್ದು ನಾನೊಬ್ಬನೇ, ನೀವ್ಯಾರೂ ಒಂದು ಸಲವೂ ಕೆಮ್ಮಲಿಲ್ಲ. ಈ ಘಾಟಿಗೆ ನೀವೇನು ಮಾಡುತ್ತೀರೋ ಗುರುವಾರದೊಳಗೆ ಯಾರಾದರೂ ಹೇಳಿಕೊಡಿ.

ನಿಮ್ಮವ,
ರಾಘು
ಶಾಖಾ ವ್ಯವಸ್ಥಾಪಕ, ಬ್ಯಾಡಗಿ