ಕ್ಲಾಸ್ ಶುರುವಾಗೋ ಮೊದಲೇ ಸೀಟು ಬಿಟ್ಟಿದ್ದಕ್ಕೆ ಕಟ್ಟಿದ ಫೀಸ್ ವಾಪಸ್ ಕೊಡಿ ಅಂತ ಮನವಿ

ತೀರ್ಥಹಳ್ಳಿ, ಜುಲೈ 28

ಪ್ರಿನ್ಸಿಪಾಲರಿಗೆ,

ಸರ್ ನಮಸ್ಕಾರ, ನಾನು ಸುಪ್ರಿಯಾ, ನಿಮ್ಮ ಕಾಲೇಜಲ್ಲಿ ಫಸ್ಟ್ ಇಯರ್ ಬಿಕಾಂಗೆ ಜೂನ್ 5ಕ್ಕೆ ಅಡ್ಮಿಷನ್ ಮಾಡ್ಸಿ 38,000 ರೂಪಾಯಿ ಕಟ್ಟಿದ್ದೆ. ಜುಲೈ 10ಕ್ಕೆ ಸೀಟು ಬೇಡ ಅಂತ ಬರೆದು ಕೊಟ್ಟು ಆಫೀಸಲ್ಲಿ ಸೀಲ್ ಹಾಕಿಸ್ಕೊಂಡಿದ್ದೀನಿ. ಟಿಸಿ, ಮಾರ್ಕ್ಸ್ ಕಾರ್ಡು ಅವತ್ತೇ ವಾಪಸ್ ಕೊಟ್ರಿ, ಅದಕ್ಕೆ ಥ್ಯಾಂಕ್ಸ್ ಸರ್. ಆದ್ರೆ ದುಡ್ಡು ಇನ್ನೂ ಬಂದಿಲ್ಲ.

ಸೀಟು ಬಿಟ್ಟಿದ್ದು ಮನಸ್ಸು ಬದಲಾಗಿ ಅಲ್ಲ ಸರ್. ಜೂನ್ ಕೊನೇಲಿ ಅಪ್ಪ ತೋಟಕ್ಕೆ ಕೊಳೆ ಔಷಧಿ ಹೊಡ್ಸೋಕೆ ಅಂತ ಸುಣ್ಣದ ಚೀಲ ಹೊತ್ಕೊಂಡು ಹಳ್ಳ ದಾಟ್ತಿದ್ದಾಗ ಕಾಲುಸಂಕದ ಮೇಲೆ ಜಾರಿ ಬಿದ್ದು ಬಲಗಾಲು ಮುರೀತು, ಈಗ್ಲೂ ಬ್ಯಾಂಡೇಜಲ್ಲೇ ಇದ್ದಾರೆ, ಅಮ್ಮ ಒಬ್ರೇ ಕೊಟ್ಟಿಗೆ ತೋಟ ಎರಡೂ ನೋಡ್ಕೊಳ್ಳೋಕಾಗಲ್ಲ, ಹಾಗಾಗಿ ನಾನು ಶಿವಮೊಗ್ಗದಲ್ಲಿ ರೂಮ್ ಮಾಡೋದು ಬಿಟ್ಟು ಮನೆಯಿಂದ್ಲೇ ಹೋಗಿ ಬರೋ ಹಾಗೆ ಇಲ್ಲಿನ ಸರ್ಕಾರಿ ಕಾಲೇಜಿಗೆ ಸೇರಿದೀನಿ.

ಕೌಂಟರಲ್ಲಿ ಕೇಳಿದ್ರೆ "ಒಮ್ಮೆ ಕಟ್ಟಿದ ಫೀಸ್ ವಾಪಸ್ ಇಲ್ಲಮ್ಮ, ರಸೀದಿ ಹಿಂದೆ ಓದು" ಅಂದ್ರು. ಓದಿದೆ, ಸಣ್ಣ ಅಕ್ಷರದಲ್ಲಿ ಹಾಗೇ ಇದೆ. ಆದ್ರೆ ಯುಜಿಸಿ 2018ರ ಅಧಿಸೂಚನೆ ಪ್ರಕಾರ ಅಡ್ಮಿಷನ್ನಿನ ಕೊನೇ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಬಿಟ್ರೆ ಪೂರ್ತಿ ಫೀಸ್ ಕೊಡ್ಬೇಕು, ಪ್ರೊಸೆಸಿಂಗ್ ಅಂತ ಹಿಡಿಯೋದು 5% ದಾಟಬಾರದು, ಅದೂ 5,000 ಮೀರೋ ಹಾಗಿಲ್ಲ, ಅರ್ಜಿ ಕೊಟ್ಟ 15 ದಿನದೊಳಗೆ ದುಡ್ಡು ಕೈಗೆ ಬರ್ಬೇಕು. ನಿಮ್ಮ ನೋಟಿಸ್ ಬೋರ್ಡಲ್ಲಿ ಕೊನೇ ದಿನ ಜುಲೈ 31, ನಾನು ಬಿಟ್ಟಿದ್ದು 21 ದಿನ ಮುಂಚೆ. ಕ್ಲಾಸ್ ಶುರುವಾಗೋದೇ ಆಗಸ್ಟ್ 4ಕ್ಕೆ, ನಾನು ಒಂದು ದಿನಾನೂ ಬೆಂಚಲ್ಲಿ ಕೂತಿಲ್ಲ. ರಸೀದಿ ಹಿಂದಿನ ಸಾಲು ಈ ನಿಯಮಕ್ಕಿಂತ ದೊಡ್ಡದಾಗೋಕೆ ಸಾಧ್ಯ ಇಲ್ಲ ಸರ್. 5% ಅಂದ್ರೆ 1,900, ಅದನ್ನ ನೀವು ಹಿಡ್ಕೊಂಡ್ರೂ ನನಗೆ 36,100 ಬರ್ಬೇಕು.

ಇನ್ನೊಂದು ವಿಷ್ಯ ಹೇಳ್ಲೇಬೇಕು. ಆ ದುಡ್ಡು ಅಪ್ಪ ಅಡಿಕೆ ಮಂಡಿಯಿಂದ ಮುಂಗಡ ತಂದಿದ್ದು. ನಿಮ್ಮ ಕೌಂಟರ್ ಮುಂದೆ ಪ್ಲಾಸ್ಟಿಕ್ ಕವರ್ ಬಿಚ್ಚಿ, ಮಳೇಲಿ ಒದ್ದೆಯಾದ ಕೈ ಪಂಚೆಗೆ ಒರೆಸ್ಕೊಂಡು ಎರಡು ಸಲ ಎಣಿಸಿ ಕೊಟ್ರು. ಆ ಮುಂಗಡಕ್ಕೆ ಬಡ್ಡಿ ಈಗ್ಲೂ ಓಡ್ತಿದೆ, ಅದ್ರ ಮೇಲೆ ಆಸ್ಪತ್ರೆ ಖರ್ಚು ಬೇರೆ.

ದಯವಿಟ್ಟು ಆಗಸ್ಟ್ 10ರೊಳಗೆ 36,100 ನನ್ನ ಅಕೌಂಟಿಗೆ ಹಾಕ್ಸಿ. ಕೊಡೋಕಾಗಲ್ಲ ಅಂದ್ರೆ ಯಾವ ನಿಯಮದ ಪ್ರಕಾರ ಅಂತ ಬರವಣಿಗೇಲಿ ತಿಳಿಸಿ, ಬಾಯಲ್ಲಿ ಹೇಳಿದ್ದು ಸಾಕಾಗಲ್ಲ. ಅಲ್ಲಿವರೆಗೆ ಏನೂ ಆಗ್ಲಿಲ್ಲ ಅಂದ್ರೆ ಕಾಲೇಜಿನ ಕುಂದುಕೊರತೆ ಸಮಿತಿಗೂ ಯುಜಿಸಿಯ ಇ-ಸಮಾಧಾನ್ ಪೋರ್ಟಲ್ಲಿಗೂ ದೂರು ಹಾಕ್ತೀನಿ, ಅಲ್ಲಿಗೆ ಹೋಗೋ ಹಾಗೆ ಮಾಡ್ಬೇಡಿ ಸರ್.

ಫೀಸ್ ರಸೀದಿ, ಸೀಲ್ ಇರೋ ಜುಲೈ 10ರ ಅರ್ಜಿ, ಪಾಸ್‌ಬುಕ್ಕಿನ ಮೊದಲ ಪುಟ, ಮೂರರ ಜೆರಾಕ್ಸೂ ಇದ್ರ ಜೊತೆ ಇಟ್ಟಿದ್ದೀನಿ. ಫೋನ್ ನಂಬರ್ ಅಡ್ಮಿಷನ್ ಫಾರ್ಮಲ್ಲಿ ಇರೋದೇ. ಮಧ್ಯಾಹ್ನದ ಮೇಲೆ ಮಾಡಿ ಸರ್, ಬೆಳಿಗ್ಗೆ ತೋಟದ ಕಡೆ ನೆಟ್‌ವರ್ಕ್ ಸಿಗಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಸುಪ್ರಿಯಾ